ಕಾಲುಗೆಜ್ಜೆಗೆ ಅರ್ಧ ಇಂಚಿನ ಸಡಿಲ



ನಮ್ಮ ಮಂಕಿಯಲ್ಲಿ ಒಬ್ಬ ತಂಗಿಯ ಮದುವೆಗೆ ಬೆಳ್ಳಿಯ ಗೆಜ್ಜೆ ತರಬೇಕಿತ್ತು. ಹುಡುಗಿ ಪೇಟೆಗೆ ಹೋಗುವಂತಿರಲಿಲ್ಲ. ಬೆಳಿಗ್ಗೆ ಆಕೆ ಇನ್ನೂ ಹಾಸಿಗೆಯಲ್ಲಿ ಕುಳಿತಿದ್ದಾಗ ಅತ್ತಿಗೆ ಒಂದು ದಾರ ತಂದು ಕಾಲಿಗೆ ಸುತ್ತಿದರು, ಎಳೆದು ಗಂಟು ಹಾಕಿದರು. ಸ್ಕೇಲಿನ ಮೇಲಿಟ್ಟಾಗ 8¾ ಇಂಚು ಬಂತು. "ಕಾಲು ಇಂಚು ಸಡಿಲ ಸಾಕು" ಎಂದುಕೊಂಡು 9 ಇಂಚಿನ ಜೋಡಿ ತಂದರು. ಮದುವೆಯ ದಿನ ಬೆಳಿಗ್ಗೆ ಗೆಜ್ಜೆ ಕಾಲಿಗೆ ಅಂಟಿಕೊಂಡು ಚೆಂದವಾಗಿಯೇ ಕಂಡಿತು. ರಾತ್ರಿ ಇಶಾ ನಮಾಝ್‌ಗೆ ವುಝೂ ಮಾಡಲು ಹೋದಾಗ ಮಾತ್ರ ಅದು ಅಲುಗಾಡಲೇ ಇಲ್ಲ. ಕೊಂಡಿ ಬಿಚ್ಚಲು ಇಬ್ಬರು ಬೇಕಾಯಿತು. ತೆಗೆದು ನೋಡಿದರೆ ಗೆಜ್ಜೆಯ ಪ್ರತಿಯೊಂದು ಮಣಿಯ ಅಚ್ಚೂ ಕಾಲಿನಲ್ಲಿ ಮೂಡಿತ್ತು.

"ಬೆಳಿಗ್ಗೆ ಸರಿಯಿತ್ತಲ್ಲಾ, ಸಂಜೆಗೆ ಗೆಜ್ಜೆ ಕುಗ್ಗಿತೇ?" ಎಂದು ಅತ್ತಿಗೆ ಕೇಳಿದರು. ಕುಗ್ಗಿದ್ದು ಗೆಜ್ಜೆಯಲ್ಲ, ಹಿಗ್ಗಿದ್ದು ಕಾಲು. ಅಳತೆಯಲ್ಲಿ ಎಲ್ಲಿ ತಪ್ಪಾಯಿತು ಎಂಬುದನ್ನು ಈ ಸಲ ನೋಡೋಣ.

ನಾವು ನಿಂತಿರುವಾಗ ರಕ್ತದ ನೀರಿನಂಶ ಸಣ್ಣ ರಕ್ತನಾಳಗಳಿಂದ ಸ್ವಲ್ಪ ಸ್ವಲ್ಪವಾಗಿ ಹೊರಬಂದು ಕಾಲಿನ ಚರ್ಮದಡಿ ಸೇರುತ್ತದೆ. ರಾತ್ರಿ ಮಲಗಿದಾಗ ಅದು ಹಿಂದಿರುಗುತ್ತದೆ. ಆದ್ದರಿಂದ ಎಲ್ಲರ ಕಾಲೂ ಬೆಳಿಗ್ಗೆ ತೆಳ್ಳಗೆ, ಸಂಜೆ ತುಸು ದಪ್ಪ. ನಮ್ಮ ಕರಾವಳಿಯ ಸೆಕೆಯಲ್ಲಿ, ಅದರಲ್ಲೂ ಇಡೀ ದಿನ ಅಡಿಗೆಮನೆಯಲ್ಲೋ ಮದುವೆ ಮನೆಯಲ್ಲೋ ನಿಂತವರಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಬೆಳಗಿನ ಅಳತೆಯೆಂದರೆ ಕಾಲಿನ ಅತ್ಯಂತ ಸಣ್ಣ ಅಳತೆ. ಗೆಜ್ಜೆಗೆ ಬೇಕಾದುದು ಅತ್ಯಂತ ದೊಡ್ಡ ಅಳತೆ.

ಹಾಗಾಗಿ ಅಸರ್ ಬಳಿಕ, ದಿನದ ಕೆಲಸವೆಲ್ಲ ಮುಗಿದ ಮೇಲೆ ಅಳೆಯಿರಿ. ಹೊಲಿಗೆಯ ಟೇಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಬೆರಳಗಲದ ಕಾಗದದ ಪಟ್ಟಿ ಸಾಕು. ತೆಳು ದಾರ ಚರ್ಮದೊಳಗೆ ಇಳಿಯುತ್ತದೆ, ಉಣ್ಣೆಯ ದಾರ ಹಿಗ್ಗುತ್ತದೆ. ಎರಡೂ ಸುಳ್ಳು ಹೇಳುತ್ತವೆ. ಕಾಲಿನ ಎರಡು ಬದಿಯಲ್ಲಿ ಉಬ್ಬಿದ ಮೂಳೆಗಳಿವೆಯಲ್ಲ, ಅವುಗಳ ಸ್ವಲ್ಪ ಮೇಲೆ, ಗೆಜ್ಜೆ ನಿಲ್ಲುವ ಜಾಗದಲ್ಲಿ ಪಟ್ಟಿಯನ್ನು ಸುತ್ತಿ. ಅದು ಚರ್ಮವನ್ನು ಮುಟ್ಟಬೇಕು, ಒತ್ತಬಾರದು. ಪಟ್ಟಿಯ ಕೊನೆ ಸೇರುವಲ್ಲಿ ಪೆನ್ನಿನಿಂದ ಗುರುತು ಹಾಕಿ.

ಮೊದಲು ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ ನಿಂತು ಅಳೆಯಿರಿ. ನಂತರ ಮೀನು ಕೊಯ್ಯುವಾಗ ಅಥವಾ ಬಟ್ಟೆ ಒಗೆಯುವಾಗ ಕೂರುವಂತೆ ಕುಕ್ಕರಗಾಲಿನಲ್ಲಿ ಕುಳಿತು ಇನ್ನೊಮ್ಮೆ ಅಳೆಯಿರಿ. ಹಾಗೆ ಕುಳಿತಾಗ ಪಾದ ಮೇಲಕ್ಕೆ ಮಡಚಿ ಕಾಲಿನ ಮುಂಭಾಗದ ನರದಂಥ ಹುರಿ ಉಬ್ಬಿ ನಿಲ್ಲುತ್ತದೆ, ಸುತ್ತಳತೆ ಹೆಚ್ಚುತ್ತದೆ. ನಿಂತಾಗ ಸರಿಯಾಗಿರುವ ಗೆಜ್ಜೆ ಕುಳಿತಾಗ ಕಚ್ಚುವುದು ಇದರಿಂದಲೇ. ಎಡ ಬಲ ಎರಡೂ ಕಾಲುಗಳನ್ನು ಅಳೆಯುವುದು ಲೇಸು. ಹೆಚ್ಚಿನವರಲ್ಲಿ ಅವು ಒಂದೇ ಸಮ ಇರುವುದಿಲ್ಲ. ಇವೆಲ್ಲದರಲ್ಲಿ ದೊಡ್ಡದಾಗಿ ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಆ ಅಂಕಿಗೆ ಅರ್ಧ ಇಂಚು ಸೇರಿಸಿ. ಅರ್ಧ ಇಂಚು ಎಂದರೆ ಬಹಳವಾಯಿತು ಎಂದು ಅನಿಸಬಹುದು. ಆದರೆ ಅದು ಕಾಲಿನ ಸುತ್ತಲೂ ಹಂಚಿಹೋದಾಗ ಚರ್ಮಕ್ಕೂ ಬೆಳ್ಳಿಗೂ ನಡುವೆ ಉಳಿಯುವುದು ಕೇವಲ 2 ಮಿಲಿಮೀಟರ್, ಅಂದರೆ ಒಂದು ಕುಚ್ಚಲಕ್ಕಿ ಕಾಳಿನ ದಪ್ಪ. ಕಾಲು ಇಂಚು ಸಡಿಲ ಬಿಟ್ಟರೆ ಅದರಲ್ಲೂ ಅರ್ಧ. ಸಂಜೆಯ ಹೊತ್ತಿಗೆ ಅದು ಇದ್ದೂ ಇಲ್ಲದಂತೆ. ಅಗಲವಾದ ಪಟ್ಟಿಯ ಗೆಜ್ಜೆಯಾದರೆ ಮುಕ್ಕಾಲು ಇಂಚು ಬಿಡಿ. ಏಕೆಂದರೆ ಅದರ ಮೇಲಂಚು ಕಾಲು ದಪ್ಪವಾಗುತ್ತಾ ಹೋಗುವ ಕಡೆಗೆ ತಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಗೆಜ್ಜೆಯನ್ನು ಉದ್ದಕ್ಕೆ ಚಾಚಿ, ಕೊಂಡಿಯ ತುದಿಯನ್ನೂ ಸೇರಿಸಿ ಅಳೆಯುವುದು ರೂಢಿ. ಕೊಂಡಿ ಹಾಕಿದಾಗ ಒಂದು ತುದಿ ಇನ್ನೊಂದರ ಮೇಲೆ ಬರುವುದರಿಂದ ಒಳಗಿನ ಸುತ್ತು ಸುಮಾರು ಕಾಲು ಇಂಚು ಕಡಿಮೆಯಾಗುತ್ತದೆ. ಆದ್ದರಿಂದ ಕೊಂಡಿ ಹಾಕಿ, ಒಳಗಿನಿಂದ ಅಳೆದು ತೋರಿಸುವಂತೆ ಕೇಳಿ.

ಈಗ ನಮ್ಮ ಮದುಮಗಳ ಲೆಕ್ಕಕ್ಕೆ ಬರೋಣ. ತಂದಿದ್ದ 9 ಇಂಚಿನ ಗೆಜ್ಜೆಯ ಕೊಂಡಿ ಹಾಕಿ ನೋಡಿದಾಗ ಒಳಸುತ್ತು 8¾ ಇಂಚು ಮಾತ್ರ. ಅಂದರೆ ಬೆಳಗಿನ ಬಿಗಿ ಅಳತೆಗೆ ಸರಿಸಮ, ಸಡಿಲವೆಂಬುದು ಸೊನ್ನೆ. ಒಂದು ವಾರದ ಬಳಿಕ ಸಂಜೆ ಕಾಗದದ ಪಟ್ಟಿಯಿಂದ ಅಳೆದೆವು. ನಿಂತಾಗ 9 ಇಂಚು ಬಂತು, ಕುಕ್ಕರಗಾಲಿನಲ್ಲಿ ಕುಳಿತಾಗ 9¼. ಅದಕ್ಕೆ ಅರ್ಧ ಇಂಚು ಸೇರಿಸಿದರೆ ಒಳಸುತ್ತು 9¾ ಇರಬೇಕು. ಕೊಂಡಿಯ ಕಾಲು ಇಂಚು ಕೂಡಿಸಿದರೆ ಕೇಳಬೇಕಾದ ಅಳತೆ 10 ಇಂಚು. ಒಂದು ಇಡೀ ಇಂಚು ತಪ್ಪಿತ್ತು. ಪುಣ್ಯಕ್ಕೆ ಆ ಗೆಜ್ಜೆಯನ್ನು ಬದಲಿಸಬೇಕಾಗಲಿಲ್ಲ. ಅಕ್ಕಸಾಲಿಗರು ಕೊಂಡಿಯ ಕಡೆಗೆ ಬೆಳ್ಳಿಯ ನಾಲ್ಕು ಸಣ್ಣ ಬಳೆಗಳನ್ನು ಒಂದಕ್ಕೊಂದು ಜೋಡಿಸಿ ಒಂದು ಇಂಚು ಉದ್ದ ಮಾಡಿಕೊಟ್ಟರು. ಈಗ ಆಕೆ ಬೆಳಿಗ್ಗೆ ಮೂರನೆಯ ಬಳೆಗೆ, ಸಂಜೆ ನಾಲ್ಕನೆಯದಕ್ಕೆ ಕೊಂಡಿ ಹಾಕಿಕೊಳ್ಳುತ್ತಾಳೆ.

ಹಾಗೆಂದು ಅತಿ ಸಡಿಲವೂ ಒಳ್ಳೆಯದಲ್ಲ. ಗೆಜ್ಜೆ ಮೂಳೆಯನ್ನು ದಾಟಿ ಹಿಮ್ಮಡಿಗೆ ಇಳಿದರೆ ಚಪ್ಪಲಿಯ ಪಟ್ಟಿಗೂ ಬುರ್ಖಾದ ಅಂಚಿಗೂ ಸಿಕ್ಕಿಕೊಂಡು ಮೆಟ್ಟಿಲಲ್ಲಿ ಮುಗ್ಗರಿಸಬಹುದು. ಧರಿಸಿದ ಮೇಲೆ ಸಂಜೆಯೂ ಕಿರುಬೆರಳು ಒಳಗೆ ಸುಲಭವಾಗಿ ತೂರಬೇಕು, ಗೆಜ್ಜೆ ಕಾಲಿನ ಸುತ್ತ ತಿರುಗಬೇಕು, ಆದರೆ ಹಿಮ್ಮಡಿ ಮುಟ್ಟಬಾರದು. ಇದೇ ಸರಿಯಾದ ಅಳತೆಯ ಗುರುತು.

ವುಝೂವಿನ ದೃಷ್ಟಿಯಿಂದಲೂ ಈ ಸಡಿಲ ಬೇಕು. ಕಾಲನ್ನು ಗಂಟಿನವರೆಗೆ ತೊಳೆಯಬೇಕೆಂಬುದು ಕುರ್‌ಆನಿನ ಸೂರಃ ಅಲ್ ಮಾಇದಃದ 6ನೇ ಸೂಕ್ತದ ಆದೇಶ. ಬಿಗಿಯಾದ ಉಂಗುರವಿದ್ದರೆ ಅದನ್ನು ಅಲುಗಾಡಿಸಿ ಅಡಿಗೆ ನೀರು ತಲುಪಿಸಬೇಕೆಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಗಂಟಿನ ಮೇಲೆ ಕಚ್ಚಿಕೊಂಡ ಗೆಜ್ಜೆಗೂ ಅದೇ ಮಾತು ಅನ್ವಯಿಸುತ್ತದೆ.

ಇನ್ನು ಕಲೆಗಳ ವಿಷಯ. ಎಲ್ಲ ಕಲೆಯೂ ಒಂದೇ ಅಲ್ಲ. ಗೆಜ್ಜೆ ತೆಗೆದ ಕೂಡಲೇ ಕಾಣುವ ತಗ್ಗಾದ ಗೆರೆ ಒತ್ತಡದ್ದು. ಒತ್ತಿದ ಜಾಗದಿಂದ ನೀರಿನಂಶ ಪಕ್ಕಕ್ಕೆ ಸರಿದಿರುತ್ತದೆ. ಅದು ಹಿಂದಿರುಗಿದಾಗ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ಗೆರೆ ಮಾಯವಾಗುತ್ತದೆ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಹೋಗುವ ಕಪ್ಪು, ಬೆವರು ತಾಗಿ ಕಪ್ಪಾದ ಬೆಳ್ಳಿಯದು. ಅದು ಚರ್ಮದ ದೋಷವಲ್ಲ. ಉಜ್ಜಿದರೂ ಹೋಗದ ಕಂದು ಪಟ್ಟಿಯೇ ನಿಜವಾದ ಕಲೆ. ಬಿಗಿಯಾದ ಗೆಜ್ಜೆ ಪ್ರತಿ ಹೆಜ್ಜೆಗೂ ಒಂದೇ ಜಾಗವನ್ನು ತಿಕ್ಕುತ್ತದೆ, ಅದರಡಿ ಬೆವರು ಆರುವುದಿಲ್ಲ. ಚರ್ಮ ಉರಿದು ಗಾಯಗೊಂಡಂತಾಗಿ ಹೆಚ್ಚು ಬಣ್ಣ ತಯಾರಿಸುತ್ತದೆ. ಗೆಜ್ಜೆ ತೆಗೆದಿಟ್ಟರೆ ಅದು ಮಾಸುತ್ತದೆ, ಆದರೆ ಹಲವು ತಿಂಗಳು ಬೇಕು. ನಿಂಬೆರಸ ಹಚ್ಚಿ ಉಜ್ಜಿದರೆ ಉರಿ ಹೆಚ್ಚಾಗಿ ಕಲೆ ಇನ್ನಷ್ಟು ಕಪ್ಪಾಗಬಹುದು.

ಸಡಿಲವಾದ ಗೆಜ್ಜೆಯಡಿಯೂ ಕೆಂಪು ಗುಳ್ಳೆ, ತುರಿಕೆ ಇದ್ದರೆ ಅಳತೆಯನ್ನು ದೂರಬೇಡಿ, ಲೋಹವನ್ನು ನೋಡಿ. ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲಿ ಬೆಳ್ಳಿಯೇ ಇರುವುದಿಲ್ಲ. ಅದು ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ, ನಿಕಲ್ ಹಲವರಿಗೆ ಆಗಿಬರುವುದಿಲ್ಲ. ಹಾಗೆಯೇ ಎಡಗಾಲಿನ ಹೊರಗಿನ ಮೂಳೆಯ ಮೇಲೆ ನಾಣ್ಯದಂತೆ ದಪ್ಪಗೆ ಕಪ್ಪಾಗಿದ್ದರೆ ಅದು ಗೆಜ್ಜೆಯ ಕಲೆಯಲ್ಲ. ವರ್ಷಗಟ್ಟಲೆ ನಮಾಝ್‌ನಲ್ಲಿ ಆ ಮೂಳೆ ಊರಿ ಕುಳಿತದ್ದರ ಗುರುತು. ಗೆಜ್ಜೆಯ ಕಲೆ ಕಾಲಿನ ಸುತ್ತ ಪಟ್ಟಿಯಂತಿರುತ್ತದೆ.

ಗೆಜ್ಜೆಯ ಗೆರೆ ಕೆಲವೊಮ್ಮೆ ದೇಹದ ಸುದ್ದಿಯನ್ನೂ ಹೇಳುತ್ತದೆ. ವರ್ಷಗಳಿಂದ ಸಡಿಲವಾಗಿದ್ದ ಗೆಜ್ಜೆ ಒಮ್ಮೆಲೇ ಬಿಗಿಯಾದರೆ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಬಿಡಿ. ಗುಳಿ ಉಳಿದರೆ ಅದು ಬಾವು. ಗರ್ಭಿಣಿಯರಲ್ಲಿ ಸಂಜೆ ಕಾಲು ಸ್ವಲ್ಪ ಊದುವುದು ಸಾಮಾನ್ಯ. ಆದರೆ ಮುಖ ಮತ್ತು ಕೈ ಸಹ ಊದಿ ತಲೆನೋವು ಬಂದರೆ, ಅಥವಾ ಯಾರಿಗೇ ಆಗಲಿ ಒಂದೇ ಕಾಲು ಊದಿ ನೋಯುತ್ತಿದ್ದರೆ, ಅದೇ ದಿನ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಗೆಜ್ಜೆ ಕಚ್ಚಿದ್ದೂ ತಿಳಿಯುವುದಿಲ್ಲ. ಅವರು ಧರಿಸದಿರುವುದೇ ಕ್ಷೇಮ. ಕೂಸುಗಳ ಕಾಲಿನ ಮಡಿಕೆಯಲ್ಲಿ ಗೆಜ್ಜೆ ಹೂತುಹೋದದ್ದು ಹೊರಗೆ ಕಾಣದು. ಮೀಯಿಸುವಾಗಲೆಲ್ಲ ತೆಗೆದು ನೋಡಿ.

ಕಡೆಯದಾಗಿ ಒಂದು ಮಾತು ಮರೆಯಬೇಡಿ. ಕಾಲು ಉಳುಕಿದರೆ, ಅಥವಾ ತೋಟದಲ್ಲಿ ಹಾವು ಕಚ್ಚಿದರೆ, ಊತ ಬರುವ ಮೊದಲೇ ಗೆಜ್ಜೆ ಮತ್ತು ಕಾಲುಂಗುರ ತೆಗೆದುಬಿಡಿ. ಊದಿದ ಮೇಲೆ ಅದು ರಕ್ತ ಓಡಾಡದಂತೆ ಬಿಗಿಯುತ್ತದೆ. ಕೊಂಡಿ ಬರದಿದ್ದರೆ ಕತ್ತರಿಸಿ ತೆಗೆಯಲಿ, ಬೆಳ್ಳಿ ಮೃದು ಲೋಹ. ಕತ್ತರಿಸಿದ ಗೆಜ್ಜೆಯನ್ನು ಅಕ್ಕಸಾಲಿಗರು ಮತ್ತೆ ಬೆಸೆದು ಕೊಡುತ್ತಾರೆ.

ಇಂದು ಸಂಜೆ ನಿಮ್ಮ ಗೆಜ್ಜೆಯೊಳಗೆ ಕಿರುಬೆರಳು ತೂರಿಸಿ ನೋಡಿ. ತೂರದಿದ್ದರೆ ತೆಗೆದಿಡಿ, ಕೊಂಡಿಗೆ ಎರಡು ಬಳೆ ಹಾಕಿಸಿಕೊಂಡ ಮೇಲೆ ಧರಿಸಿದರಾಯಿತು.