ಕತ್ತರಿಸಿದ ಅಂಚು ಎಲ್ಲಿ ಹೋಯ್ತು?

ಫೋನಿನ ಗ್ಯಾಲರಿಯಲ್ಲಿ ಕ್ರಾಪ್ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸ ನಡೆಯುತ್ತೆ. ಒಂದು, ಫೋಟೋಗೆ ಕತ್ತರಿ ಹಾಕಿ ಅಂಚನ್ನು ಬಿಸಾಡೋದು. ಇನ್ನೊಂದು, ಪೂರ್ತಿ ಫೋಟೋ ಹಾಗೇ ಇಟ್ಟುಕೊಂಡು ಬೇಡದ ಭಾಗವನ್ನು ಫ್ರೇಮಿನ ಹಿಂದೆ ಮುಚ್ಚಿಡೋದು. ನೋಡೋಕೆ ಎರಡೂ ಒಂದೇ ಥರ. ವ್ಯತ್ಯಾಸ ಗೊತ್ತಾಗೋದು ಅಂಚು ವಾಪಸ್ ಬೇಕು ಅನ್ನಿಸಿದಾಗ... ತಾನು ಯಾವ ಕೆಲಸ ಮಾಡ್ತಿದ್ದೀನಿ ಅಂತ ಆಪ್ ಮೊದಲೇ ಹೇಳಬೇಕು ಅನ್ನೋದು ನನ್ನ ವಾದ.

ನಮ್ಮ ನೆಂಟರೊಬ್ಬರ ಮನೆಯ ಕಥೆ ಕೇಳಿ. ನಾಮಕರಣದ ಒಂದು ಫೋಟೋ, ಐಫೋನಿನಲ್ಲಿ ತೆಗೆದದ್ದು, 4032×3024 ಪಿಕ್ಸೆಲ್. ಡಿಪಿಗೆ ಅಂತ ಅದನ್ನು 3024×3024ರ ಚೌಕ ಮಾಡಿದರು. ಅಂದರೆ ಸರಿಯಾಗಿ ಕಾಲು ಭಾಗ ಹೋಯ್ತು, ಆ ಕಾಲು ಭಾಗದಲ್ಲಿ ಎಡಗಡೆ ಕೂತಿದ್ದ ಅಜ್ಜನೂ ಹೋದರು. ಅಜ್ಜ ತೀರಿಕೊಂಡ ಮೇಲೆ ಎಲ್ಲರಿಗೂ ಆ ಫೋಟೋ ನೆನಪಾಯ್ತು. ವಾಟ್ಸಾಪಿನಲ್ಲಿ ಬಂದ ಚೌಕದ ಫೋಟೋ ಇಟ್ಟುಕೊಂಡು ಮೊಮ್ಮಗ ರಿಕವರಿ ಆಪ್‌ಗಳನ್ನು ಒಂದೊಂದಾಗಿ ಹಾಕಿ ನೋಡ್ತಿದ್ದ. ಅದರಿಂದ ಉಪಯೋಗ ಇಲ್ಲ. ಕಳಿಸುವಾಗ ಹೋಗೋದು ಫ್ರೇಮಿನೊಳಗಿನ ಚಿತ್ರ ಮಾತ್ರ, ಅಂಚು ಆ ಫೈಲಿನಲ್ಲಿ ಇರೋದೇ ಇಲ್ಲ.

ಹುಡುಕಬೇಕಾದದ್ದು ಕ್ರಾಪ್ ಮಾಡಿದವರ ಫೋನಿನಲ್ಲಿ. ಐಫೋನಿನ Photos ಮೂಲ ಚಿತ್ರವನ್ನೂ, ಅದಕ್ಕೆ ಮಾಡಿದ ಬದಲಾವಣೆಗಳನ್ನೂ ಬೇರೆ ಬೇರೆಯಾಗಿ ಇಟ್ಟಿರುತ್ತೆ. ಅತ್ತೆಯ ಫೋನಿನಲ್ಲಿ ಆ ಫೋಟೋ ತೆರೆದು Edit ಒತ್ತಿ, ಆಮೇಲೆ Revert ಕೊಟ್ಟರು. ಅಜ್ಜ ಬಂದರು! ಒಂದು ಮಾತು: Revert ಕೊಟ್ಟರೆ ಬಣ್ಣ, ಬೆಳಕು ತಿದ್ದಿದ್ದೂ ಹೋಗುತ್ತೆ. ಅಂಚು ಮಾತ್ರ ಸಾಕು ಅಂದರೆ ಮತ್ತೆ ಕ್ರಾಪ್‌ಗೆ ಹೋಗಿ ಚೌಕಟ್ಟನ್ನು ಹೊರಕ್ಕೆ ಎಳೆಯಿರಿ. ನಿಮ್ಮ ಆಪ್ ಯಾವ ಜಾತಿ ಅಂತ ತಿಳಿಯೋಕೂ ಇದೇ ಪರೀಕ್ಷೆ. ಎಳೆದಾಗ ಹೊರಗಿನ ಚಿತ್ರ ಕಂಡರೆ ಅಂಚು ಇದೆ. ಚೌಕಟ್ಟು ಅಲ್ಲೇ ನಿಂತರೆ ಆ ಫೈಲಿನಲ್ಲಿ ಇಲ್ಲ.

ಇನ್ನು Save copy ಅಂತ ಕೊಡುವ ಆಪ್‌ಗಳು. ಇಲ್ಲಿ ಕತ್ತರಿ ಬೀಳೋದು ನಕಲಿಗೆ, ಮೂಲ ಪಕ್ಕದಲ್ಲೇ ಇರುತ್ತೆ. ಅಪಾಯ ಏನಪ್ಪಾ ಅಂದರೆ, ಜಾಗ ಸಾಲದು ಅಂತ ಆಮೇಲೆ ನಾವೇ "ಒಂದೇ ಫೋಟೋ ಎರಡು ಸಲ ಇದೆ" ಅಂದುಕೊಂಡು ಮೂಲವನ್ನು ಅಳಿಸಿಬಿಡೋದು. ಹಾಗಾದರೆ ಕಸದಬುಟ್ಟಿಯೇ ಗತಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದಕ್ಕೆ 60 ದಿನ, ಐಫೋನಿನಲ್ಲಿ 30 ದಿನ ಗಡುವು.

ಆಪ್ ಮಾಡುವವರಿಗೆ ಇದು ದೊಡ್ಡ ಕೆಲಸ ಅಲ್ಲ. ಸೇವ್ ಒತ್ತುವ ಮುಂಚೆ "ಅಂಚು ಉಳಿಯುತ್ತೆ" ಅಥವಾ "ಅಂಚು ಅಳಿಯುತ್ತೆ" ಅಂತ ಎರಡು ಪದ ತೋರಿಸಿದರೆ ಸಾಕು. ಅಲ್ಲಿಯವರೆಗೂ, ಯಾರಾದರೂ ಪೂರ್ತಿ ಫೋಟೋ ಬೇಕು ಅಂದರೆ ರಿಕವರಿ ಆಪ್ ಹುಡುಕಬೇಡಿ, ತೆಗೆದವರಿಗೆ ಒಂದು ಫೋನ್ ಮಾಡಿ. ಅದೂ ಅವರು ಫೋನ್ ಬದಲಾಯಿಸುವ ಮುಂಚೆ. ಏನಂತೀರಿ?