‘ಯಾರು, ಹೇಳು ನೋಡೋಣ!’

‘ಈ ಕಾಲದ ಹುಡುಗರಿಗೆ ಫೋನಿನಲ್ಲಿ ನಾಲ್ಕು ಮಾತಾಡುವ ಧೈರ್ಯವಿಲ್ಲ’ ಎಂದು ಹಿರಿಯ ಮಿತ್ರರೊಬ್ಬರು ಮೊನ್ನೆ ಅಧ್ಯಾಪಕರ ಕೊಠಡಿಯಲ್ಲಿ ತೀರ್ಪು ಕೊಟ್ಟರು. ಉಳಿದವರು ತಲೆದೂಗಿದರು. ನಾನು ತಲೆದೂಗಲಿಲ್ಲ. ಎಂಬತ್ತು ಮಂದಿಯೆದುರು ಮುಕ್ಕಾಲು ಗಂಟೆ ಹಳಗನ್ನಡ ಪಾಠ ಹೇಳುವ ನನಗೇ, ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂದರೆ ಎದೆ ಝಲ್ಲೆನ್ನುತ್ತದೆ. ಗಂಟೆ ತಾನಾಗಿ ನಿಂತೀತೆಂದು ಕಾದು ಕುಳಿತ ದಿನಗಳೂ ಉಂಟು. ಇದು ಹೇಡಿತನವಲ್ಲ. ನಮ್ಮ ಅಂಜಿಕೆ ಮಾತಿಗಲ್ಲ, ಮಾತಿನ ಹೊಸ್ತಿಲಿಗೆ ಎಂಬುದು ನನ್ನ ವಾದ.

ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್ 1968ರಲ್ಲಿ ಮಾತುಕತೆಯ ಆರಂಭವನ್ನೇ ಕುರಿತು ಒಂದು ಪ್ರಬಂಧ ಬರೆದರು. ಫೋನಿನ ಗಂಟೆಯೇ ಕೂಗು, ‘ಹಲೋ’ ಎಂಬುದು ಓಗೊಡುವಿಕೆ ಎಂಬುದು ಅವರ ಕಾಣ್ಕೆ. ಆಮೇಲೆ ಯಾರೆಂದು ತಿಳಿಯಬೇಕು, ನಮಸ್ಕಾರ ಆಗಬೇಕು, ಕ್ಷೇಮ ವಿಚಾರಿಸಬೇಕು. ವಿಷಯದ ಸರದಿ ಅನಂತರ. ಎದುರೆದುರು ಸಿಕ್ಕಾಗ ಇದರಲ್ಲಿ ಅರ್ಧ ಕೆಲಸವನ್ನು ಕಣ್ಣೇ ಮುಗಿಸುತ್ತದೆ. ಫೋನಿನಲ್ಲಿ ಅಷ್ಟೂ ಹೊರೆ ನಾಲಗೆಯ ಮೇಲೆ. ಕನ್ನಡಿಗನಿಗಂತೂ ಇನ್ನೊಂದು ತೊಡಕು: ಆ ಕಡೆಯವರು ‘ನೀವೋ’ ‘ನೀನೋ’, ‘ಸಾರೋ’ ‘ಅಣ್ಣನೋ’ ಎಂಬುದನ್ನು ಮುಖ ಕಾಣದೆ ತೀರ್ಮಾನಿಸಬೇಕು.

ಹೀಗಿರುವಾಗ ನಮ್ಮ ಹಿರಿಯರು ಮಾಡುವುದೇನು? ಹೊಸ ಸಂಖ್ಯೆಯಿಂದ ಕರೆದು, ‘ಯಾರು, ಹೇಳು ನೋಡೋಣ!’ ಎಂದು ಪರೀಕ್ಷೆಗೆ ಕೂರಿಸುತ್ತಾರೆ. ಉತ್ತರ ತಪ್ಪಿದರೆ, ‘ಮರೆತೇಬಿಟ್ಟೆಯಾ?’ ಎಂಬ ಆಕ್ಷೇಪಣೆ ಬೇರೆ. ಹೊಸ್ತಿಲಲ್ಲಿ ತಾವೇ ಎಣ್ಣೆ ಚೆಲ್ಲಿ, ಜಾರಿದವನನ್ನು ಕಂಡು ನಗುವುದು ಯಾವ ನ್ಯಾಯ?

‘ಹೇಳಬೇಕಾದ್ದನ್ನೆಲ್ಲ ಬರೆದಿಟ್ಟುಕೊಂಡು ಮಾತಾಡು’ ಎಂಬ ಉಪದೇಶವೂ ಇದೆ. ಇದೂ ಅರೆಸತ್ಯ. ನನ್ನ ತರಗತಿಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ಒಂದು ಅಂಕಿ ತಪ್ಪಿತ್ತು. ಕಚೇರಿಗೆ ಫೋನು ಮಾಡಲು ಅವಳಿಗೆ ಒಂಬತ್ತು ದಿನ ಹಿಡಿಯಿತು. ಒಂದು ಪುಟ ಬರೆದುಕೊಂಡೇ ಕರೆದಳು. ಮೂರನೆಯ ವಾಕ್ಯಕ್ಕೆ ಆ ಕಡೆಯವರು, ‘ಯಾವ ವರ್ಷದ್ದು?’ ಎಂದರು. ಅದು ಪುಟದಲ್ಲಿರಲಿಲ್ಲ. ಅವಳು ಕರೆ ಕತ್ತರಿಸಿಬಿಟ್ಟಳು. ಪುಟ ಓದುವವನ ಗಮನವೆಲ್ಲ ತನ್ನ ಸಾಲಿನ ಮೇಲೆ, ತನ್ನ ದನಿಯ ನಡುಕದ ಮೇಲೆ. ಎದುರಿನವರ ಮಾತು ಕಿವಿಗೆ ಬೀಳುವುದೇ ಇಲ್ಲ.

ನಾವಿಬ್ಬರೂ ಕುಳಿತು ಆ ಪುಟವನ್ನು ಒಂದು ಚೀಟಿಗೆ ಇಳಿಸಿದೆವು. ‘ನಮಸ್ಕಾರ ಸಾರ್. ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ,’ ಮುಂದೆ ಹೆಸರು. ‘ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಖಾತೆ ನಂಬರ್ ತಪ್ಪಾಗಿದೆ, ಸರಿಮಾಡಿಸಬೇಕು. ಇದನ್ನು ತಮ್ಮಲ್ಲೇ ಕೇಳಬೇಕೋ, ಬೇರೆಯವರಲ್ಲೋ?’ ಇಷ್ಟು ಮಾತ್ರ ಪೂರ್ಣ ವಾಕ್ಯ. ಕೆಳಗೆ ಬಿಡಿ ಮಾತುಗಳು: ಅರ್ಜಿ ಸಂಖ್ಯೆ, ವರ್ಷ, ಸರಿಯಾದ ಖಾತೆ ಸಂಖ್ಯೆ. ಹೆಸರು ಮೊದಲೇ ಬಂದದ್ದರಿಂದ ‘ಯಾರು?’ ಎಂಬ ಪ್ರಶ್ನೆಗೆ ಎಡೆಯಿಲ್ಲ. ಕೊನೆಯ ಪ್ರಶ್ನೆಯಿಂದ ಮಾತಿನ ಸರದಿ ಆ ಕಡೆಗೆ ದಾಟುತ್ತದೆ, ಇವಳಿಗೆ ಉಸಿರಾಡಲು ಬಿಡುವು. ತಡವರಿಸಿದರೆ ಆಡಲು ಇನ್ನೊಂದು ವಾಕ್ಯ: ‘ಒಂದು ನಿಮಿಷ ಸಾರ್, ನೋಡಿ ಹೇಳುತ್ತೇನೆ.’ ಮೊದಲು ಪುಸ್ತಕದಂಗಡಿಗೆ ಕರೆದು ಬಾಗಿಲು ಹಾಕುವ ಹೊತ್ತು ಕೇಳಿದಳು, ಮರುದಿನ ಕಚೇರಿಗೆ. ‘ಮೇಜಿನ ಮೇಲೆ ಬೇರೆಯವರಿದ್ದಾರೆ, ನಾಳೆ ಮಾಡಿ’ ಎಂಬ ಉತ್ತರ ಬಂತು. ನಾಳೆಯೂ ಮಾಡಿದಳು. ನನ್ನ ಲೆಕ್ಕದಲ್ಲಿ ಗೆಲುವು ಆ ಎರಡನೆಯ ಕರೆ.

ಧ್ವನಿಸಂದೇಶದ ಕಾಟ ಬೇರೆ ಬಗೆಯದು. ಹೇಳುವವನಿಗೆ ನಡುನಡುವೆ ‘ಹ್ಞೂಂ’ ಎನ್ನುವವರಿಲ್ಲ. ಅದಕ್ಕೇ ಮಾತು ಬೆಳೆಯುತ್ತದೆ. ಕೇಳುವವನಿಗೆ ಒಳಗೇನಿದೆಯೋ ಎಂಬ ದಿಗಿಲು. ಅದಕ್ಕೆ ಮೊದಲು ಒಂದು ಸಾಲು ಬರೆದು ಕಳಿಸಿರಿ: ‘ನಾಳೆಯ ಸಭೆಯ ವಿಷಯ, ಅವಸರವಿಲ್ಲ.’ ಸಂದೇಶ ಅರ್ಧ ನಿಮಿಷ ಮೀರದಿರಲಿ.

ಚೀಟಿಗೂ ಮಿತಿಯುಂಟು. ಅಂಜಿಕೆ ಫೋನನ್ನು ದಾಟಿ ಅಂಗಡಿ, ತರಗತಿ, ನೆಂಟರ ಮನೆಗೂ ಹಬ್ಬಿ ತಿಂಗಳುಗಟ್ಟಲೆ ನಿಂತರೆ ಮನೋವೈದ್ಯರನ್ನೇ ಕಾಣಬೇಕು. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಒತ್ತಬೇಕು. ಫೋನಿಗೆ ಅಂಜುವವನಿಗೆ ಫೋನನ್ನೇ ಮದ್ದಾಗಿ ಕೊಟ್ಟಂತಾಯಿತು! ಆ ಮೊದಲ ಕರೆಯನ್ನು ಮನೆಯವರೇ ಮಾಡಿಕೊಡಲಿ.

ಹಿರಿಯ ಮಿತ್ರರಿಗೆ ನನ್ನ ಬಿನ್ನಹ ಇಷ್ಟೆ. ಹುಡುಗರ ಧೈರ್ಯ ಅಳೆಯುವ ಮುನ್ನ, ಕರೆ ಮಾಡಿದಾಗ ತಮ್ಮ ಹೆಸರು ತಾವೇ ಹೇಳಲಿ, ‘ಈಗ ಮಾತಾಡಬಹುದೇ?’ ಎಂದು ಕೇಳಲಿ. ಕರೆ ಬಂದಾಗ ‘ಯಾರ್ರೀ?’ ಎಂದು ಗದರದೆ ತಮ್ಮ ಹೆಸರು ಹೇಳಿ, ‘ಹೇಳಿ’ ಎನ್ನಲಿ. ಅರ್ಧ ಹೊಸ್ತಿಲು ಅಲ್ಲಿಗೇ ದಾಟಿದಂತೆ.