ಕೆರೆ ಬೋರ್ಡಿನ ಮೇಲೆ ಏನು ಬರೆಯಬೇಕು?

ಮೇ ತಿಂಗಳ ಕೊನೆಗೆ ನಮ್ಮ ತಾಲೂಕು ಕೇಂದ್ರದ ಒಂದು ಬಡಾವಣೆಯ ನಿವಾಸಿಗಳ ಸಂಘದವರು ನಮ್ಮನ್ನು ಕರೆದರು. ಜೂನ್‌ನಲ್ಲಿ ಸಸಿ ನೆಡುವುದು, ಕೆರೆ ಸ್ವಚ್ಛ ಮಾಡುವುದು ಎಂದು ಕಾರ್ಯಕ್ರಮ. "ನೀವು ಪತ್ರಿಕೆಯವರು, ಒಂದು ಒಳ್ಳೆ ಘೋಷವಾಕ್ಯ ಬರೆದುಕೊಡಿ ಸಾರ್" ಅಂದರು. ಅವರೇ ಬರೆದಿಟ್ಟ ಪಟ್ಟಿಯೂ ಇತ್ತು. ನಾವು ಅದನ್ನು ಕಿಸೆಯಲ್ಲಿಟ್ಟುಕೊಂಡು ಮೊದಲು ಕೆರೆಯ ಹತ್ತಿರ ಹೋದೆವು. ಪಟ್ಟಿಯ ಬಹುತೇಕ ಸಾಲುಗಳು ಅಲ್ಲೇ ಬಿದ್ದುಹೋದವು.

ಪಟ್ಟಿಯ ಮೊದಲ ಸಾಲು 'ಹಸಿರೇ ಉಸಿರು'. ಇದು ಶಾಲೆಯ ಗೋಡೆಯ ಮೇಲಿದೆ, ಲಾರಿಯ ಹಿಂದೆಯೂ ಇದೆ. ಓದಿದವರೆಲ್ಲ ಹೌದು ಅನ್ನುತ್ತಾರೆ, ಓದಿ ಯಾರೂ ಏನೂ ಮಾಡುವುದಿಲ್ಲ. ಏಕೆಂದರೆ ಮಾಡಬೇಕಾದ ಕೆಲಸ ಅದರಲ್ಲಿಲ್ಲ. ಘೋಷವಾಕ್ಯ ಅಂದರೆ ಮಾತು ಕೊಟ್ಟ ಹಾಗೆ ಎಂಬುದು ನಮ್ಮ ಅಭಿಪ್ರಾಯ. ಒಂದು ವರ್ಷ ಬಿಟ್ಟು ಬಂದವರು ಬೋರ್ಡು ಓದಿ "ಮಾಡಿದಿರಾ?" ಎಂದು ಕೇಳುವಂತಿರಬೇಕು. ಹಸಿರೇ ಉಸಿರು ಎಂದು ಬರೆದವರನ್ನು ಏನಂತ ಕೇಳುವುದು?

ಎರಡನೆಯದು 'ಒಂದೇ ದಿನ, ಸಾವಿರ ಸಸಿ'. ಇದನ್ನು ಕೇಳಬಹುದು, ಆದರೆ ಲೆಕ್ಕ ಕೂಡುವುದಿಲ್ಲ. ಜೂನ್‌ನಲ್ಲಿ ನೆಟ್ಟ ಸಸಿ ಮಳೆಗಾಲ ಪೂರ್ತಿ ತಾನೇ ನಿಲ್ಲುತ್ತದೆ. ಅದರ ಪರೀಕ್ಷೆ ಶುರುವಾಗುವುದು ಜನವರಿಯಿಂದ. ನಮ್ಮ ಬಯಲುಸೀಮೆಯಲ್ಲಿ ವಾರಕ್ಕೆ ಒಂದು ಸಸಿಗೆ ಎರಡು ಬಕೆಟ್, ಅಂದರೆ 20 ಲೀಟರ್ ನೀರು ಅಂತಿಟ್ಟುಕೊಳ್ಳಿ. ಸಾವಿರ ಸಸಿಗೆ 20,000 ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ವಾರಕ್ಕೆ ನಾಲ್ಕು, ಅದೂ ಮಳೆ ಬರುವ ತನಕ. ಟ್ಯಾಂಕರಿಗೆ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿದೆವು. ಎಲ್ಲರೂ ಖಜಾಂಚಿಯ ಮುಖ ನೋಡಿದರು, ಖಜಾಂಚಿ ನಮ್ಮ ಮುಖ ನೋಡಿದರು.

ಬಡಾವಣೆಯಲ್ಲಿ ಇರುವುದು ಸುಮಾರು 60 ಮನೆ. ಹಾಗಾದರೆ 60 ಸಸಿ, ಮನೆಗೊಂದು, ಬೇಸಿಗೆಯಲ್ಲಿ ವಾರಕ್ಕೆ ಎರಡು ಬಕೆಟ್. ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ದನ ಬಾಯಿ ಹಾಕದಂತೆ ಸುತ್ತ ಮುಳ್ಳುಬೇಲಿ. ಬೇರು ಆಳಕ್ಕೆ ಇಳಿಯಲು ಮೂರು ಬೇಸಿಗೆಯಾದರೂ ನೋಡಿಕೊಳ್ಳಬೇಕು. ಇಷ್ಟು ಮಾತಾಡುವಷ್ಟರಲ್ಲಿ ಘೋಷವಾಕ್ಯ ತಾನೇ ಸಿಕ್ಕಿತು: 'ಅರವತ್ತು ಸಸಿ, ಮೂರು ಬೇಸಿಗೆ'. ಇದರಲ್ಲಿ ಪ್ರಾಸವಿಲ್ಲ, ಆದರೆ ಎಣಿಸಿ ನೋಡಬಹುದು.

ಮೂರನೆಯದು 'ಏರಿಯ ಮೇಲೆ ಹಸಿರು ತೋರಣ'. ಕೇಳಲು ಚೆಂದ, ಕೆರೆಗೆ ಅಪಾಯ. ಮಣ್ಣಿನ ಏರಿಯ ಮೇಲೆ ದೊಡ್ಡ ಮರ ಬೆಳೆಸಬಾರದು. ಮರ ಸತ್ತರೆ ಬೇರು ಕೊಳೆತು ಏರಿಯೊಳಗೆ ಕೊಳವೆಯಂಥ ತೂತು ಉಳಿಯುತ್ತದೆ, ಕೆರೆ ತುಂಬಿದಾಗ ನೀರು ಆ ದಾರಿ ಹಿಡಿಯುತ್ತದೆ. ಗಾಳಿಗೆ ಮರ ಉರುಳಿದರೆ ಏರಿಯ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ. ಹಳೆಯ ಏರಿಗಳ ಮೇಲೆ ಮರಗಳಿವೆಯಲ್ಲ ಎಂದು ಒಬ್ಬರು ಕೇಳಿದರು. ಇವೆ. ಇರುವುದನ್ನು ಹಠಾತ್ತನೆ ಕಡಿದರೂ ಬೇರು ಕೊಳೆಯುತ್ತದೆ, ಹಾಗಾಗಿ ಎಂಜಿನಿಯರನ್ನು ಕೇಳದೆ ಮುಟ್ಟಬಾರದು. ಹೊಸದನ್ನಂತೂ ಸೇರಿಸಬಾರದು. ಏರಿಗೆ ಗರಿಕೆ, ಲಾವಂಚ ಸಾಕು. ಹೊಂಗೆ, ನೇರಳೆ, ಹೊಳೆಮತ್ತಿ ನೆಡುವುದಾದರೆ ಏರಿಯ ಎದುರು ದಡದಲ್ಲಿ, ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆಯಿಂದ ಮೇಲಕ್ಕೆ ನೆಡಬೇಕು. ಘೋಷವಾಕ್ಯ ತಪ್ಪಾದರೆ ಗುಂಡಿಯೂ ತಪ್ಪು ಜಾಗದಲ್ಲಿ ಬೀಳುತ್ತದೆ.

ನಮಗೆ ನಿಜವಾಗಿ ಚುಚ್ಚಿದ್ದು ನಾಲ್ಕನೆಯದು: 'ನಮ್ಮ ಕೆರೆಗೆ ಕಸ ಎಸೆಯಬೇಡಿ'. ಯಾರು ಯಾರಿಗೆ ಹೇಳುವ ಮಾತು ಇದು? ಕೆರೆಯ ಕೆಳಗೆ ಒಂದು ಹಳ್ಳಿಯಿದೆ. ತೂಬಿನ ನೀರು ಅವರ ಗದ್ದೆಗೆ ಹೋಗುತ್ತದೆ, ಅವರ ದನಕರು ಇಲ್ಲೇ ನೀರು ಕುಡಿಯುತ್ತವೆ. ಬೋರ್ಡು ನಿಲ್ಲಿಸಲು ಗುರುತಿಸಿದ್ದ ಜಾಗ ಆ ಹಳ್ಳಿಯ ದಾರಿಯಲ್ಲೇ ಇತ್ತು. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ನಮ್ಮನ್ನು ರಾಜಕಾಲುವೆ ಕೆರೆಗೆ ಸೇರುವ ಕಡೆ ಕರೆದೊಯ್ದು ತೋರಿಸಿದರು. "ನೋಡ್ರಪ್ಪಾ, ಏಪ್ರಿಲ್‌ನಾಗೂ ಹಿಂಗೇ ಹರೀತಿತ್ತು. ಮಳೆ ಎಲ್ಲಿ ಬಂದಿತ್ತು ಆವಾಗ?"

ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಮಳೆಯಿಲ್ಲದ ತಿಂಗಳಲ್ಲಿ ಮಳೆನೀರಿನ ಕಾಲುವೆ ಹರಿಯುತ್ತಿದ್ದರೆ ಅದು ಮನೆಗಳ ನೀರು. ನೀರು ಬೂದು ಬಣ್ಣದಲ್ಲಿದ್ದು, ಸೋಪಿನ ನೊರೆ, ವಾಸನೆ ಇದ್ದರೆ ಇನ್ನು ಸಂಶಯವೇ ಬೇಡ. ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆದೆವು. ಅದು ನಮ್ಮನ್ನು ತಂದು ನಿಲ್ಲಿಸಿದ್ದು ಅದೇ ಬಡಾವಣೆಯ ಹಿಂಬದಿಗೆ. ಕೆಲವು ಮನೆಗಳ ಬಚ್ಚಲ ಪೈಪು ನೇರ ಚರಂಡಿಗೆ ಬಿಟ್ಟಿತ್ತು.

ಕೆರೆಯಲ್ಲಿ ಹಬ್ಬಿರುವ ನೀಲಿ ಹೂವಿನ ಅಂತರಗಂಗೆಗೆ ಗೊಬ್ಬರ ಈ ನೀರೇ. ಒಳ್ಳೆ ಗೊಬ್ಬರ ಸಿಕ್ಕರೆ ಆ ಕಳೆ ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲದು. ಭಾನುವಾರ ನೂರು ಜನ ಇಳಿದು ಎಳೆದು ದಡಕ್ಕೆ ಹಾಕಿ ಫೋಟೋ ತೆಗೆಸಿಕೊಳ್ಳಬಹುದು. ಪೈಪು ಹಾಗೇ ಇದ್ದರೆ ದೀಪಾವಳಿಯ ಹೊತ್ತಿಗೆ ಕೆರೆ ಮತ್ತೆ ಹಸಿರು. ಎಳೆದದ್ದನ್ನು ದಡದಲ್ಲೇ ಬಿಟ್ಟರೆ ಮಳೆಗೆ ಅದೂ ಕೊಳೆತು ಕೆರೆಗೇ ವಾಪಸ್. ಅದನ್ನು ದೂರ ಸಾಗಿಸಿ ಒಣಗಿಸಿ, ಗೊಬ್ಬರದ ಗುಂಡಿಗೆ ಹಾಕಬೇಕು.

ಸಂಜೆ ಸಂಘದವರ ಮುಂದೆ ಇದನ್ನೆಲ್ಲ ಹೇಳಿದೆವು. ಕೆಲವರಿಗೆ ಸಿಟ್ಟು ಬಂತು. "ಒಂದು ಸಾಲು ಕೇಳಿದರೆ ನಮ್ಮ ಬಚ್ಚಲಿಗೇ ಬಂದಿರಲ್ಲ" ಅಂದರು ಒಬ್ಬರು. ಆದರೆ ನಿವೃತ್ತ ಮೇಡಂ ಒಬ್ಬರು ಕಾಗದ ತೆಗೆದುಕೊಂಡು ಬರೆದರು: 'ಮೊದಲು ನಮ್ಮ ಪೈಪು, ಆಮೇಲೆ ಕೆರೆ'. ನಾವು ಬರೆದಿದ್ದರೂ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ಘೋಷವಾಕ್ಯಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1983ರಲ್ಲಿ ಶಿರಸಿ ತಾಲೂಕಿನ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವವರನ್ನು ತಡೆದರು. ಆ ಅಪ್ಪಿಕೋ ಚಳವಳಿಯ ಮಾತು 'ಉಳಿಸು, ಬೆಳೆಸು, ಬಳಸು'. ಮೂರೂ ಮಾಡುವ ಕೆಲಸಗಳೇ. ಮೂರನೆಯದು ಇನ್ನೂ ಮುಖ್ಯ. ಸೊಪ್ಪು, ಸೌದೆಗೆ ಕಾಡನ್ನು ನಂಬಿದವರನ್ನು ಹೊರಗೆ ನಿಲ್ಲಿಸದ ಮಾತು ಅದು. ಹಳ್ಳಿ ದಾರಿಯಲ್ಲಿ 'ನಮ್ಮ ಕೆರೆ' ಎಂದು ಬೋರ್ಡು ನೆಡುವ ಮೊದಲು ಬಡಾವಣೆಯವರು ಈ 'ಬಳಸು' ಎಂಬುದನ್ನು ಒಮ್ಮೆ ಯೋಚಿಸಬೇಕು. ಆ ಕೆರೆಯನ್ನು ದಿನವೂ ಬಳಸುವವರು ಕೆಳಗಿನವರು.

ಕೊನೆಗೆ ಎರಡು ಸಾಲು ಉಳಿದವು. ಫ್ಲೆಕ್ಸ್ ಬೇಡ ಅಂದೆವು. 2016ರಲ್ಲೇ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ, ಕೆರೆ ಸ್ವಚ್ಛತೆಗೆ ಅದನ್ನೇ ಕಟ್ಟಿದರೆ ಜನ ನಗುತ್ತಾರೆ. 'ಅರವತ್ತು ಸಸಿ, ಮೂರು ಬೇಸಿಗೆ' ನೆಡುವ ಜಾಗದ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಾಗಿದೆ. 'ಮೊದಲು ನಮ್ಮ ಪೈಪು, ಆಮೇಲೆ ಕೆರೆ' ಹಳ್ಳಿ ದಾರಿಯಲ್ಲಿಲ್ಲ, ಬಡಾವಣೆಯೊಳಗೆ ಬರುವ ಕಮಾನಿನ ಪಕ್ಕದ ಗೋಡೆಯ ಮೇಲಿದೆ. ಅದನ್ನು ಓದಬೇಕಾದವರು ದಿನಾ ಅಲ್ಲೇ ಓಡಾಡುತ್ತಾರೆ.

ಬರೆದ ಮಾತ್ರಕ್ಕೆ ಪೈಪು ತಿರುಗುವುದಿಲ್ಲ. ಒಳಚರಂಡಿ ಸಂಪರ್ಕಕ್ಕೆ ಪುರಸಭೆಗೆ ಅರ್ಜಿ ಕೊಡಬೇಕು, ಸಂಪರ್ಕ ಸಿಗದ ಮನೆಗಳು ಇಂಗುಗುಂಡಿ ತೋಡಬೇಕು, ಖರ್ಚಿದೆ. ಬರುವ ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ನಾವು ಆ ಅಜ್ಜನ ಜೊತೆ ಮತ್ತೆ ಕಾಲುವೆಯ ಬಾಯಿಗೆ ಹೋಗುತ್ತೇವೆ. ಅದು ಒಣಗಿದ್ದರೆ ಆ ಸುದ್ದಿಯನ್ನೂ ಬರೆಯುತ್ತೇವೆ, ಹರಿಯುತ್ತಿದ್ದರೂ ಬರೆಯುತ್ತೇವೆ.